40 ಡಿಗ್ರಿ ಚಳಿ

ಜನವರಿ ತಿಂಗಳ ಶಿಕಾಗೊ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಹಳೇ ಮರದ ಮನೆಯ ಮೇಲ್ಮಹಡಿಗೆ ನಮ್ಮ ಇಂಜಿನಿಯರ್ ಹುಡುಗ ಬಂದು ಎರಡೇ ದಿನ ಆಗಿತ್ತು. ರೂಮ್‌ಮೇಟ್ ಮಲಗಿದ ಮೇಲೆ ಗೋಡೆಯ ಥರ್ಮೋಸ್ಟಾಟ್ ಕಣ್ಣಿಗೆ ಬಿತ್ತು. 68 ಅಂತ ತೋರಿಸುತ್ತಿತ್ತು.

ಮೈಗೆ ಹಿತವಾಗಿಯೇ ಇತ್ತು. ಆದರೆ ಇಂಜಿನಿಯರ್ ಮೈಯನ್ನು ನಂಬುವುದಿಲ್ಲ, ಅಂಕಿಯನ್ನು ನಂಬುತ್ತಾನೆ. 68 ಡಿಗ್ರಿ ಅಂದರೆ ಬೆಂದು ಹೋಗೋದೇ! 24ಕ್ಕೆ ಇಳಿಸೋಣ ಅಂತ ಬಟನ್ ಒತ್ತಿದ. ಅದು 40ಕ್ಕೆ ನಿಂತುಬಿಟ್ಟಿತು. ಎಷ್ಟು ಒತ್ತಿದರೂ ಕೆಳಗೆ ಇಳಿಯಲಿಲ್ಲ. ಕಡಿಮೆ ಅಂದರೂ 40, ಇವರಿಗೆ ಬಿಸಿಲು ಎಷ್ಟು ಇಷ್ಟವಪ್ಪಾ ಅಂದುಕೊಂಡು ಬನಿಯನ್‌ನಲ್ಲೇ ಮಲಗಿದ.

ಅದು ಫ್ಯಾರನ್‌ಹೀಟ್. 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ 40 ಅನ್ನೋದು ಸುಮಾರು 4 ಸೆಲ್ಸಿಯಸ್. ಆ ದೇಶದ ಸರ್ಕಾರ ಫ್ರಿಜ್ ಒಳಗೆ ಇದಕ್ಕಿಂತ ಜಾಸ್ತಿ ಬಿಸಿ ಇರಬಾರದು ಅನ್ನುವ ಅಂಕಿಯೂ ಇದೇ. ಒಟ್ಟಿನಲ್ಲಿ ಹುಡುಗ ಕೆಡದಂತೆ ಇರಲು ಬೇಕಾದ ವ್ಯವಸ್ಥೆ ತಾನೇ ಮಾಡಿಕೊಂಡಿದ್ದ.

ಮನೆ ತಕ್ಷಣ ತಣ್ಣಗಾಗಲಿಲ್ಲ. ಗೋಡೆ, ಮಂಚ, ಮೇಜು ಎಲ್ಲವೂ ಹಿಡಿದಿಟ್ಟುಕೊಂಡ ಬಿಸಿಯನ್ನು ನಿಧಾನಕ್ಕೆ ಬಿಡುತ್ತವೆ. ಹಾಗಾಗಿ ತಪ್ಪು ರಾತ್ರಿ ಗೊತ್ತಾಗಲಿಲ್ಲ. ಗೊತ್ತಾಗುವ ದಾರಿ ಒಂದಿತ್ತು: ಮನೆ ಬಿಸಿ ಮಾಡುವ ಫರ್ನೇಸ್ ಸದ್ದು ನಿಂತುಹೋಗಿತ್ತು. ಇವನು ಅದನ್ನೂ 'ಆಹಾ, ಎಂಥ ಶಾಂತಿ' ಅಂದುಕೊಂಡ. ಬೆಳಗ್ಗೆ ಒಳಗೆ 52 ಇತ್ತು, ಅಂದರೆ 11 ಸೆಲ್ಸಿಯಸ್.

ರೂಮ್‌ಮೇಟ್ ಕಂಬಳಿ ಹೊದ್ದುಕೊಂಡೇ ಕೂಗಾಡಿದ. "ಮನೇಲಿ ಯಾರೂ ಇಲ್ಲದಿದ್ದರೂ 55ಕ್ಕಿಂತ ಇಳಿಸಬಾರದು ಮಾರಾಯ! ಗೋಡೆ ಒಳಗಿನ ಪೈಪ್‌ನಲ್ಲಿ ನೀರು ಗಟ್ಟಿಯಾಗಿ ಪೈಪ್ ಒಡೆಯುತ್ತೆ!"

ಹಾಗೆ ನೋಡಿದರೆ ಹುಡುಗನದ್ದೇ ತಪ್ಪು ಅನ್ನೋಕೆ ಆಗಲ್ಲ. ಆ ದೇಶ 1975ರಲ್ಲೇ ಮೆಟ್ರಿಕ್ ಅಳತೆಗೆ ಹೋಗೋಣ ಅಂತ ಕಾನೂನು ಮಾಡಿತು. ಇಷ್ಟ ಇದ್ದವರು ಮಾತ್ರ ಬನ್ನಿ ಅಂತ ಒಂದು ಮಾತು ಸೇರಿಸಿತು. ಯಾರೂ ಬರಲಿಲ್ಲ. ಅದಕ್ಕಾಗಿ ಮಾಡಿದ್ದ ಮಂಡಳಿಯನ್ನೂ 1982ರಲ್ಲಿ ಮುಚ್ಚಿತು. ಇದೇ ಅಳತೆಗಳ ಗೊಂದಲದಲ್ಲಿ 1999ರಲ್ಲಿ ಮಂಗಳ ಗ್ರಹಕ್ಕೆ ಹೋದ ನೌಕೆಯೇ ಕಳೆದುಹೋಯಿತು. ಒಂದು ಬೆಡ್‌ರೂಮ್ ತಣ್ಣಗಾಗಿದ್ದು ಯಾವ ಲೆಕ್ಕ?

ಆವತ್ತು ಮಧ್ಯಾಹ್ನ ಹುಡುಗ ಮೆನು ಹುಡುಕಿ ಥರ್ಮೋಸ್ಟಾಟನ್ನೇ ಸೆಲ್ಸಿಯಸ್‌ಗೆ ಬದಲಿಸಿ, 22 ಇಟ್ಟು ಆಫೀಸಿಗೆ ಹೋದ. ಹೇಳೋದು ಮರೆತ.

ರಾತ್ರಿ ಬಾಗಿಲು ತೆಗೆದರೆ ಒಲೆಯ ಝಳ. ರೂಮ್‌ಮೇಟ್ ಚಡ್ಡಿಯಲ್ಲಿ, ಥರ್ಮೋಸ್ಟಾಟ್ ಮುಂದೆ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಅವನೂ ಇಂಜಿನಿಯರೇ.

"22 ಇತ್ತು, ಎದೆ ಧಸಕ್ಕಂತು. 70ಕ್ಕೆ ಏರಿಸೋಣ ಅಂತ ಒತ್ತಿದರೆ 32ಕ್ಕೆ ನಿಂತುಬಿಡ್ತು. 32 ಅಂದ್ರೆ ನೀರು ಹೆಪ್ಪುಗಟ್ಟೋ ಚಳಿ ಅಲ್ವಾ?" ಅಂದ. "ಮತ್ತೆ ನಾನು ಯಾಕೆ ಬೆವರ್ತಾ ಇದ್ದೀನಿ?"