ಸೀರೆ ಮುಂದಿಟ್ಕೊಂಡು ಬರೀರಿ, ಸಪ್ಲೈಯರ್ ಮೆಸೇಜ್ ಮುಂದಿಟ್ಕೊಂಡು ಬೇಡ

ಮನೇಲೇ ಕೂತು ಸೀರೆ ರೀಸೆಲ್ಲಿಂಗ್ ಮಾಡೋ ಅಕ್ಕ ತಂಗಿಯರಿಗೆ ಒಂದು ಮಾತು, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಸೂರತ್ ಕಡೆಯಿಂದ ವಾಟ್ಸಾಪ್‌ನಲ್ಲಿ ಕ್ಯಾಟಲಾಗ್ ಬರುತ್ತಲ್ಲ, ಅದರ ಜೊತೆ ಒಂದು ಡಿಸ್ಕ್ರಿಪ್ಶನ್ನೂ ಬರುತ್ತೆ. ಅದೇ ಡಿಸ್ಕ್ರಿಪ್ಶನ್ ಹತ್ತಾರು ಪೇಜುಗಳಲ್ಲಿ ಚುಕ್ಕಿ ಕಾಮಾ ಬದಲಾಗದೆ ಓಡಾಡ್ತಿರುತ್ತೆ, ಆ ಸಪ್ಲೈಯರ್ ಕೂಡ ಎಷ್ಟೋ ಸಲ ಅದನ್ನ ಬೇರೆ ಯಾರದೋ ಕಡೆಯಿಂದ ಎತ್ಕೊಂಡಿರ್ತಾನೆ. ಈಗ ನಮ್ಮೋರಲ್ಲಿ ಕೆಲವರು "ಕಾಪಿ ಮಾಡಬಾರದು, ಸ್ವಂತ ಬರೀಬೇಕು" ಅಂತ ಅದನ್ನ ಕನ್ನಡಕ್ಕೆ ತಿರುಗಿಸಿ ಹಾಕ್ತಾರೆ. ಪ್ಯೂರ್ ಅನ್ನೋದು "ಅಪ್ಪಟ" ಆಗುತ್ತೆ, ರಿಚ್ ಪಲ್ಲು ಅನ್ನೋದು "ಶ್ರೀಮಂತ ಸೆರಗು" ಆಗುತ್ತೆ. ಮಾತು ಹೊಸದು, ಒಳಗಿನ ಸುಳ್ಳು ಹಳೇದೇ. ಈಗ ಅದು ಸಪ್ಲೈಯರ್ ಸುಳ್ಳಲ್ಲ, ನಿಮ್ಮ ಕೈಯಾರೆ ನೀವು ಬರೆದ ಸುಳ್ಳು. ನನಗೆ ನಿಜಕ್ಕೂ ಬೇಜಾರಾಗೋದು ಇಲ್ಲೇ.

ಹೋದ ತಿಂಗಳು ನನ್ನ ಪರಿಚಯದ ಹುಡುಗಿಯೊಬ್ಬಳು "ಅಕ್ಕಾ ಇದನ್ನ ಸ್ವಲ್ಪ ಚೆನ್ನಾಗಿ ಬರ್ದುಕೊಡಿ" ಅಂತ ಒಂದು ಮೆಸೇಜ್ ಕಳ್ಸಿದ್ಲು, ಹೀಗಿತ್ತು: "ಪ್ಯೂರ್ ಇಳಕಲ್ ಹ್ಯಾಂಡ್‌ಲೂಮ್ ಸಿಲ್ಕ್ ಸ್ಯಾರಿ, ಕಸೂತಿ ವರ್ಕ್, ರಿಚ್ ಪಲ್ಲು, 6.3 ಮೀಟರ್ ವಿತ್ ಬ್ಲೌಸ್, 100% ಒರಿಜಿನಲ್, ಫಾಸ್ಟ್ ಕಲರ್, ನೋ ರಿಟರ್ನ್ ನೋ ಎಕ್ಸ್‌ಚೇಂಜ್." ನಾನು ಬರೆಯೋಕೆ ಮುಂಚೆ ಸೀರೆ ತಗೊಂಡು ಮನೆಗೆ ಬಾ ಅಂದೆ, ಬರುವಾಗ ಸಪ್ಲೈಯರ್ ಬಿಲ್ಲೂ ತಗೊಂಡು ಬಾ ಅಂದೆ.

ಮೊದಲು ಆ ಮೆಸೇಜಿನಲ್ಲಿ ಎಷ್ಟು ಮಾತು "ನಿಜ ಅಥವಾ ಸುಳ್ಳು" ಅಂತ ಪರೀಕ್ಷೆ ಮಾಡಬಹುದೋ ಅಷ್ಟನ್ನ ಒಂದು ಹಾಳೆ ಮೇಲೆ ಬರ್ಕೊಂಡ್ವಿ. ಇಳಕಲ್ಲಾ, ಕೈಮಗ್ಗವಾ, ರೇಷ್ಮೆಯಾ, ಕಸೂತಿಯಾ, ಉದ್ದ ಎಷ್ಟು, ಬಣ್ಣ ಬಿಡುತ್ತಾ. ರಿಚ್ಚು ಒರಿಜಿನಲ್ಲು ಇವೆಲ್ಲ ಬರೀ ಗಾಳಿ, ಬಿಟ್ಟಾಕಿದ್ವಿ. ಆಮೇಲೆ ಆ ಮೆಸೇಜನ್ನ ಮತ್ತೆ ಓದಲಿಲ್ಲ. ಇದು ಮುಖ್ಯ, ಯಾಕಂದ್ರೆ ಕಣ್ಣ ಮುಂದೆ ಬೇರೆಯವರ ವಾಕ್ಯ ಇದ್ರೆ ಕೈ ಅದೇ ದಾರೀಲಿ ಹೋಗುತ್ತೆ. ಉದ್ದ ಅಗಲ ನೂಲು ಬಣ್ಣದಂಥ ವಿವರ ಯಾರ ಆಸ್ತಿನೂ ಅಲ್ಲ, ಆದ್ರೆ ಅದನ್ನ ಹೇಳಿದ ವಾಕ್ಯ, ತೆಗೆದ ಫೋಟೋ ಇನ್ನೊಬ್ಬರದು.

ರೇಷ್ಮೆಯಿಂದ ಶುರು ಮಾಡಿದ್ವಿ. ಸೀರೆ ತುದೀಲಿ ಉದ್ದದ ಎಳೆ ಅಂದ್ರೆ ಹಾಸು ಒಂದೆರಡು, ಅಡ್ಡದ ಎಳೆ ಅಂದ್ರೆ ಹೊಕ್ಕು ಒಂದೆರಡು, ಬೇರೆ ಬೇರೆಯಾಗಿ ಎಳ್ಕೊಂಡು, ಇಕ್ಕಳದಲ್ಲಿ ಹಿಡಿದು ಸ್ಟೀಲ್ ತಟ್ಟೆ ಮೇಲೆ ಸುಟ್ಟು ನೋಡಿದ್ವಿ. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತೆ, ಬೆಂಕಿ ತೆಗೆದ ತಕ್ಷಣ ಬಹುತೇಕ ಆರಿಹೋಗುತ್ತೆ, ಉಳಿದ ಕಪ್ಪು ಬೂದಿ ಬೆರಳಲ್ಲಿ ತಿಕ್ಕಿದ್ರೆ ಪುಡಿ ಆಗುತ್ತೆ. ಹತ್ತಿ ಕಾಗದ ಸುಟ್ಟ ಹಾಗೆ ಭರ್ರನೆ ಉರಿದು ಮೆತ್ತನೆ ಬೂದಿ ಬಿಡುತ್ತೆ. ಪಾಲಿಯೆಸ್ಟರ್ ಕರಗುತ್ತೆ, ಕೊನೇಲಿ ಗಟ್ಟಿ ಮಣಿ ಥರ ಉಂಡೆ ಉಳಿಯುತ್ತೆ, ಉಗುರಲ್ಲಿ ಒತ್ತಿದ್ರೂ ಒಡೆಯಲ್ಲ. (ಕರಗಿದ್ದು ಬಿಸಿ ಇದ್ದಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟ್ಕೊಳ್ಳುತ್ತೆ.) ನಮ್ಮ ಸೀರೆ ಹಾಸು ಕರಗಿ ಮಣಿ ಆಯ್ತು, ಹೊಕ್ಕು ಕಾಗದದ ವಾಸನೆ ಕೊಡ್ತು. ಅಂದ್ರೆ ರೇಷ್ಮೆ ಇಲ್ಲವೇ ಇಲ್ಲ, ಒಂದು ಕಡೆ ಪಾಲಿಯೆಸ್ಟರ್, ಇನ್ನೊಂದು ಕಡೆ ಹತ್ತಿ ಇಲ್ಲಾ ವಿಸ್ಕೋಸ್. ಈ ಎರಡರಲ್ಲಿ ಯಾವುದು ಅಂತ ಸುಟ್ಟು ಹೇಳೋಕಾಗಲ್ಲ, ಎರಡೂ ಒಂದೇ ಥರ ಉರಿಯುತ್ತೆ. ಹಾಗಾಗಿ "ಕಾಟನ್ ಮಿಕ್ಸ್" ಅಂತ ಬರೆಯೋ ಹಕ್ಕೂ ನಮಗಿಲ್ಲ.

ಆಮೇಲೆ ಬಿಲ್ ನೋಡಿದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಜಿಎಸ್‌ಟಿ ಬಿಲ್ಲಲ್ಲಿ ಐಟಂ ಪಕ್ಕ ಎಚ್‌ಎಸ್‌ಎನ್ ಕೋಡ್ ಇರುತ್ತೆ. ರೇಷ್ಮೆ ನೇಯ್ಗೆ ಬಟ್ಟೆಗೆ 5007, ಪಾಲಿಯೆಸ್ಟರ್‌ನಂಥ ಸಿಂಥೆಟಿಕ್ ಫಿಲಮೆಂಟ್ ನೂಲಿನ ಬಟ್ಟೆಗೆ 5407. ವಾಟ್ಸಾಪ್‌ನಲ್ಲಿ "ಪ್ಯೂರ್ ಸಿಲ್ಕ್" ಅಂದ ಮನುಷ್ಯನೇ ಬಿಲ್ಲಲ್ಲಿ 5407 ಅಂತ ಹಾಕಿದ್ದ! ಸರ್ಕಾರಕ್ಕೆ ಒಂದು ಮಾತು, ನಮಗೊಂದು ಮಾತು. ಕೋಡನ್ನ ಕೆಲವರು ಅಜಾಗರೂಕತೆಯಿಂದನೂ ತುಂಬ್ತಾರೆ, ಹಾಗಾಗಿ ಅದೊಂದನ್ನೇ ನಂಬಬೇಡಿ, ಆದ್ರೆ ಸುಟ್ಟ ನೂಲು ಮತ್ತು ಬಿಲ್ಲು ಎರಡೂ ಒಂದೇ ಕಥೆ ಹೇಳಿದಾಗ ಅನುಮಾನಕ್ಕೆ ಜಾಗ ಉಳಿಯಲ್ಲ.

ಇನ್ನು ಇಳಕಲ್ ಅನ್ನೋದು. ಇದಕ್ಕೆ ನಾನು ಸ್ವಲ್ಪ ಹೆಚ್ಚೇ ತಲೆ ಕೆಡಿಸ್ಕೊಳ್ತೀನಿ. ಬಾಗಲಕೋಟೆ ಜಿಲ್ಲೆ ಇಳಕಲ್ ಸೀರೆಗೆ ಜಿಐ ಟ್ಯಾಗ್ ಇದೆ, ಆ ಹೆಸರು ಅಲ್ಲಿನ ನೇಕಾರರದು. ಸಾಂಪ್ರದಾಯಿಕ ಇಳಕಲ್‌ನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸೇರಿಸ್ತಾರೆ, ಪ್ರತಿ ಎಳೆಗೂ ಒಂದೊಂದು ಕುಣಿಕೆ. ಒಡಲು ಮುಗಿದು ಸೆರಗು ಶುರುವಾಗೋ ಜಾಗನ ಹತ್ತಿರದಿಂದ, ಆಗದಿದ್ರೆ ಭೂತಗನ್ನಡಿ ಹಿಡಿದು ನೋಡಿದ್ರೆ ಆ ಸೇರಿಕೆ ಗೆರೆ ಕಾಣುತ್ತೆ. ನಮ್ಮ ಮುಂದಿದ್ದ ಸೀರೇಲಿ ಹಾಸಿನ ಎಳೆ ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಒಂದೇ, ಕೊಂಡಿಯ ಸುಳಿವೇ ಇಲ್ಲ, ಟೋಪಿ ತೆನಿ ಸೆರಗಿನ ಆ ಕೆಂಪು ಬಿಳಿ ಹಲ್ಲಿನ ಡಿಸೈನು ಪ್ರಿಂಟ್ ಮಾಡಿದ್ದು, ತಿರುಗಿಸಿ ನೋಡಿದ್ರೆ ಹಿಂದ್ಗಡೆ ಮಾಸಲು. ಹಾಗಾಗಿ ಇಳಕಲ್ ಅನ್ನೋ ಹೆಸರು ಹೋಯ್ತು. "ಇಳಕಲ್ ಸ್ಟೈಲ್ ಅಂತಾದ್ರೂ ಹಾಕೋಣ ಅಕ್ಕಾ, ಸರ್ಚಲ್ಲಿ ಬರುತ್ತೆ" ಅಂದ್ಲು. ಬೇಡ ಅಂದೆ. ಸರ್ಚಲ್ಲಿ ಇಳಕಲ್ ಹುಡುಕೋಳು ಇಳಕಲ್ಲೇ ಬೇಕು ಅಂತ ಹುಡುಕ್ತಿರ್ತಾಳೆ, ಸ್ಟೈಲ್ ಅನ್ನೋ ಸಣ್ಣ ಪದ ಅವಳ ಕಣ್ಣಿಗೆ ಬೀಳೋದು ಸೀರೆ ಮನೆಗೆ ಬಂದ ಮೇಲೆ. ಅಲ್ಲಿ ದಿನಗಟ್ಟಲೆ ಮಗ್ಗದ ಮುಂದೆ ಕೂತು ನೇಯ್ದವರು ಹೇಳೋ ಬೆಲೆ ಜಾಸ್ತಿ ಅನ್ಸೋದಕ್ಕೆ ಇಂಥ ಪೋಸ್ಟುಗಳೂ ಕಾರಣ.

ಕೈಮಗ್ಗ ಅನ್ನೋದಕ್ಕೆ ಒಂದೇ ನಿಯಮ ಇಟ್ಕೊಳ್ಳಿ: ಹ್ಯಾಂಡ್‌ಲೂಮ್ ಮಾರ್ಕ್ ಇರಬೇಕು, ಇಲ್ಲಾ ನೇಕಾರರ ಸಂಘದ ಬಿಲ್ ಇರಬೇಕು, ಎರಡೂ ಇಲ್ಲದಿದ್ರೆ ಆ ಪದನೇ ಬರೀಬೇಡಿ. ಬರೀ ಕಣ್ಣಲ್ಲಿ ನೋಡಿ ಹೇಳೋದು ಅನುಭವಸ್ಥರಿಗೂ ಕಷ್ಟ. ಹಾಗೇ ಸಿಲ್ಕ್ ಮಾರ್ಕ್ ಲೇಬಲ್ ಇದ್ದ ಮಾತ್ರಕ್ಕೆ ಕೈಮಗ್ಗ ಅಂತ ಬರೆಯೋದೂ ತಪ್ಪು, ಅದು ನೂಲು ಶುದ್ಧ ರೇಷ್ಮೆ ಅಂತ ಹೇಳುತ್ತೆ ಅಷ್ಟೆ, ಯಾವ ಮಗ್ಗ ಅಂತ ಹೇಳಲ್ಲ.

ಕಸೂತಿಗೆ ಸೀರೆ ತಿರುಗಿಸಿದ್ರೆ ಸಾಕಾಯ್ತು. ಕೈ ಕಸೂತೀಲಿ ಗಂಟು ಹಾಕಲ್ಲ, ಗವಂತಿ ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತೆ. ಇಲ್ಲಿ ಹಿಂದ್ಗಡೆ ಬಿಳಿ ಬಾಬಿನ್ ದಾರ, ಒಂದು ಹೂವಿಂದ ಇನ್ನೊಂದು ಹೂವಿಗೆ ಎಳ್ಕೊಂಡು ಹೋದ ದಾರ. ಅಂದ್ರೆ ಮಷಿನ್ ಎಂಬ್ರಾಯ್ಡರಿ. ಉದ್ದ ಟೇಪ್ ಹಿಡಿದು ಅಳೆದ್ರೆ ಬ್ಲೌಸ್ ಪೀಸ್ ಸೇರಿ 6 ಮೀಟರ್, ಅದರಲ್ಲಿ ಬ್ಲೌಸ್ 80 ಸೆಂಟಿಮೀಟರ್, ಉಳಿದ ಸೀರೆ 5.2. ಸಾಮಾನ್ಯವಾಗಿ 5.5 ಇರುತ್ತೆ. ಮೂವತ್ತು ಸೆಂಟಿಮೀಟರ್ ಏನ್ ಮಹಾ ಅನ್ಸಬಹುದು, ಸ್ವಲ್ಪ ದಪ್ಪ ಇರೋರಿಗೆ ನೆರಿಗೆ ಕಡಿಮೆ ಆಗಿ ಸೆರಗು ಗಿಡ್ಡ ಆಗೋದು ಅಷ್ಟರಲ್ಲೇ. ಕೊನೆಗೆ ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಸೆರಗಿನ ಕೆಂಪು ಮೇಲೆ ಉಜ್ಜಿದ್ವಿ, ತೆಳ್ಳಗೆ ಗುಲಾಬಿ ಬಂತು.

ಇಷ್ಟಾದ ಮೇಲೆ ಬರೆಯೋಕೆ ಹತ್ತು ನಿಮಿಷ ಸಾಕಾಯ್ತು. ಬರೆದಿದ್ದು ಇದು:

"ಕಡು ಹಸಿರು ಒಡಲು, ಕೆಂಪು ಸೆರಗು. ಬಟ್ಟೆ ಪಾಲಿಯೆಸ್ಟರ್ ಮಿಶ್ರಣ, ರೇಷ್ಮೆ ಅಲ್ಲ. ಸೆರಗಿನ ಕೆಂಪು ಬಿಳಿ ಡಿಸೈನ್ ಪ್ರಿಂಟ್, ಒಡಲ ಮೇಲಿನ ಸಣ್ಣ ಹೂವು ಮಷಿನ್ ಎಂಬ್ರಾಯ್ಡರಿ, ಒಳಗಡೆ ದಾರ ಕಾಣುತ್ತೆ, ಹಿಂಬದಿ ಫೋಟೋನೂ ಹಾಕಿದೀನಿ. ಸೀರೆ 5.2 ಮೀಟರ್, ಬ್ಲೌಸ್ ಪೀಸ್ ಬೇರೆ 80 ಸೆಂಟಿಮೀಟರ್. ಮಾಮೂಲಿಗಿಂತ ಸ್ವಲ್ಪ ಗಿಡ್ಡ, ಸ್ವಲ್ಪ ದಪ್ಪ ಇರೋರು ನೋಡಿ ತಗೊಳ್ಳಿ. ಕೆಂಪು ಸ್ವಲ್ಪ ಬಣ್ಣ ಬಿಡುತ್ತೆ, ತಣ್ಣೀರಲ್ಲಿ ಬೇರೆ ಒಗೀರಿ. ಹಗುರ ಇದೆ, ಗಂಜಿ ಬೇಡ, ಇಸ್ತ್ರಿ ಇಲ್ಲದೆನೂ ಉಡಬಹುದು, ಆಫೀಸಿಗೆ ದಿನಾ ಉಡೋರಿಗೆ ಆಗುತ್ತೆ."

ಇದನ್ನ ಬೇರೆ ಯಾವ ಪೇಜಲ್ಲೂ ನೋಡೋಕಾಗಲ್ಲ, ಯಾಕಂದ್ರೆ ಬೇರೆ ಯಾರೂ ಈ ಸೀರೆ ಅಳೆದಿಲ್ಲ. ಫೋಟೋನೂ ಕ್ಯಾಟಲಾಗಿಂದು ಬಿಟ್ಟು ಕಿಟಕಿ ಪಕ್ಕ ಹಗಲು ಬೆಳಕಲ್ಲಿ ನಾವೇ ತೆಗೆದ್ವಿ. ಕ್ಯಾಟಲಾಗ್ ಮಾಡೆಲ್ ಉಟ್ಟಿರೋದು ಎಷ್ಟೋ ಸಲ ಬೇರೇ ಸೀರೆ.

"ನೋ ರಿಟರ್ನ್" ಅನ್ನೋ ಸಾಲನ್ನ ಪೂರ್ತಿ ತೆಗೆಸಿದೆ. ಆನ್‌ಲೈನ್ ಮಾರಾಟಕ್ಕೆ ಅಂತ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮದ ಪ್ರಕಾರ, ಜಾಹೀರಾತಲ್ಲಿ ಹೇಳಿದ ಹಾಗೆ ವಸ್ತು ಇಲ್ಲದಿದ್ರೆ ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಸಪ್ಲೈಯರ್ ನಿಮ್ಮಿಂದ ವಾಪಸ್ ತಗೊಳ್ಳಲ್ಲ ಅನ್ನೋದು ನಿಮ್ಮ ಅವನ ನಡುವಿನ ಮಾತು, ಕೊಂಡೋಳಿಗೂ ಅದಕ್ಕೂ ಸಂಬಂಧ ಇಲ್ಲ.

"ಹೀಗೆಲ್ಲ ಬರೆದ್ರೆ ಯಾರಕ್ಕಾ ತಗೋತಾರೆ" ಅಂತ ಕೇಳ್ತೀರಿ ಅಂತ ಗೊತ್ತು, ಅವಳೂ ಅದನ್ನೇ ಕೇಳಿದ್ಲು. ರೇಷ್ಮೆ ಇಳಕಲ್ ಬೇಕು ಅನ್ನೋರು ತಗೊಳ್ಳಲ್ಲ, ನಿಜ. ಅವರು ತಗೊಳ್ಳಲೂಬಾರದು, ತಗೊಂಡಿದ್ರೆ ವಾಪಸ್ ಕಳಿಸ್ತಿದ್ರು, ಎರಡು ಕಡೆ ಕೊರಿಯರ್ ಖರ್ಚು ನಿಮ್ಮ ತಲೆ ಮೇಲೆ ಬಂದು ಆ ಒಂದು ಸೀರೆಯ ಲಾಭ ಅಷ್ಟೂ ಹೋಗ್ತಿತ್ತು. ಕಡಿಮೆ ದುಡ್ಡಲ್ಲಿ, ಒಗೆದು ಹಾಕೋಕೆ ಸುಲಭವಾದ ಸೀರೆ ಬೇಕು ಅನ್ನೋ ಹೆಂಗಸರೂ ಬೇಕಾದಷ್ಟು ಜನ ಇದಾರೆ. ಅವರಿಗೆ ಪಾಲಿಯೆಸ್ಟರ್ ಅಂದ್ರೆ ಅವಮಾನ ಅಲ್ಲ, ಅನುಕೂಲ. ಆದ್ರೆ "ಪ್ಯೂರ್ ಸಿಲ್ಕ್" ಅಂತ ಬರೆದ ಪೋಸ್ಟಲ್ಲಿ ಅವರಿಗೆ ಬೇಕಾದ ಮಾಹಿತಿ ಒಂದೂ ಇರಲ್ಲ.

ಸೀರೆ ಕೈಗೇ ಬರದೆ ಸೀದಾ ಸಪ್ಲೈಯರಿಂದ ಗಿರಾಕಿ ಮನೆಗೆ ಕಳಿಸೋರು ಏನ್ ಮಾಡೋದು? ಒಂದು ಪೀಸ್ ತರಿಸ್ಕೊಳ್ಳಿ, ಅಷ್ಟೂ ಆಗಲ್ಲ ಅಂದ್ರೆ ಬಿಲ್ ಕಾಪಿ, ಹಿಂಬದಿ ಫೋಟೋ, ಟೇಪ್ ಇಟ್ಟು ತೆಗೆದ ವಿಡಿಯೋ ಕೇಳಿ. ಕೊಡದೇ ಇದ್ರೆ ಗೊತ್ತಿರೋ ಬಣ್ಣ, ಡಿಸೈನ್, ಬೆಲೆ ಇಷ್ಟೇ ಬರೀರಿ, ನೂಲಿನ ವಿಷಯಕ್ಕೆ "ಸಪ್ಲೈಯರ್ ಹೇಳೋ ಪ್ರಕಾರ" ಅಂತ ಸೇರಿಸೋದೂ ಬೇಡ, ಓದೋರು ಆ ಮಾತನ್ನ ದಾಟಿ "ರೇಷ್ಮೆ" ಅನ್ನೋದನ್ನ ಮಾತ್ರ ಓದ್ತಾರೆ.

ಇನ್ನೊಂದು, ಒಂದು ಸಲ ಬರೆದಿಟ್ಟಿದ್ದು ಶಾಶ್ವತ ಅಲ್ಲ. ಅದೇ ಕ್ಯಾಟಲಾಗ್ ನಂಬರಿನ ಮುಂದಿನ ಲಾಟಲ್ಲಿ ನೂಲೇ ಬದಲಾಗಿರಬಹುದು, ಉದ್ದ ಇನ್ನೂ ಕಡಿಮೆ ಆಗಿರಬಹುದು. ಅದಕ್ಕೆ ಅವಳ ಕೈಲಿ ಒಂದು ನೋಟ್‌ಬುಕ್ ಮಾಡಿಸಿದೀನಿ, ಪ್ರತಿ ಲಾಟಿಗೂ ಒಂದು ಪುಟ, ಹಾಸು ಹೊಕ್ಕಿನ ಎರಡೆರಡು ಎಳೆ ಅಂಟಿಸಿ, ಪಕ್ಕದಲ್ಲಿ ಅಳತೆ, ಬಿಲ್ ನಂಬರು, ಕೋಡು, ಬಣ್ಣ ಬಿಡ್ತಾ ಇಲ್ವಾ ಅಂತ ಬರೆದಿಡೋಕೆ. ಹೊಸ ಬಂಡಲ್ ಬಿಚ್ಚಿದ ದಿನ ಮೊದಲು ಆ ಪುಟ ತುಂಬಿ, ಹಳೇ ಪುಟದ ಜೊತೆ ಹೋಲಿಸಿ, ವ್ಯತ್ಯಾಸ ಇದ್ರೆ ಪೋಸ್ಟ್ ತಿದ್ದಿ ಆಮೇಲೆ ಆರ್ಡರ್ ತಗೊಳ್ತಾಳೆ.