ಜೊಲ್ಲಿನ ಟೆಸ್ಟ್ ನೋಡಿ ಹಾರ್ಮೋನ್ ಡೋಸ್ ಬದಲಿಸುವುದು ಬೇಡ

ಅಮೆರಿಕದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಐವತ್ತು ಹತ್ತಿರವಾಗುತ್ತಿದ್ದಂತೆ ಫೋನಿನಲ್ಲಿ ಇದೇ ಜಾಹೀರಾತು. ಪುಟ್ಟ ಟ್ಯೂಬಿಗೆ ಜೊಲ್ಲು ತುಂಬಿ ಕಳಿಸಿ, ಅದರಲ್ಲಿನ ಹಾರ್ಮೋನ್ ಅಳೆದು, ಮೆನೋಪಾಸ್, ಅಂದರೆ ಮುಟ್ಟು ನಿಲ್ಲುವ ಹೊತ್ತಿನ ಬಿಸಿ ಜಳಕ್ಕೆ ನಿಮಗೆ ಅಂತಲೇ 'ಬಯೋಐಡೆಂಟಿಕಲ್' ಹಾರ್ಮೋನ್ ಕ್ರೀಮ್ ತಯಾರಿಸಿ ಕೊಡುತ್ತೇವೆ ಅಂತ. ಇದರ ಬಗ್ಗೆ ನನಗೆ ನಿಜವಾಗಿ ಆತಂಕ ಇದೆ. ಯಾಕೆ ಅಂತ ಹೇಳುತ್ತೇನೆ.

ಬಯೋಐಡೆಂಟಿಕಲ್ ಹಾರ್ಮೋನ್ ಅನ್ನುವುದೇ ಸುಳ್ಳಲ್ಲ. ನಮ್ಮ ಅಂಡಾಶಯ ತಯಾರಿಸುವ ಎಸ್ಟ್ರಾಡಯಾಲ್ ಎಂಬ ಎಸ್ಟ್ರೊಜನ್, ಪ್ರೊಜೆಸ್ಟರಾನ್‌ಗೆ ರಚನೆಯಲ್ಲಿ ಸ್ವಲ್ಪವೂ ವ್ಯತ್ಯಾಸ ಇಲ್ಲದ ಔಷಧಿಗಳಿವೆ. ಎಸ್ಟ್ರಾಡಯಾಲ್ ಪ್ಯಾಚ್, ಜೆಲ್, ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಎಲ್ಲವೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದವೇ, ಮಾಮೂಲಿ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತವೆ. ಜಾಹೀರಾತಿನವರು ಮಾರುವುದು ಬೇರೆ. ಕಾಂಪೌಂಡಿಂಗ್ ಫಾರ್ಮಸಿಯಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಅಳತೆಯಲ್ಲಿ ಬೆರೆಸಿಕೊಡುವ ಕ್ರೀಮ್ ಅದು. ಆ ಮಿಶ್ರಣಕ್ಕೆ ಎಫ್‌ಡಿಎ ಒಪ್ಪಿಗೆ ಇಲ್ಲ. ಡಬ್ಬಿಯಿಂದ ಡಬ್ಬಿಗೆ ಪ್ರಮಾಣ ಒಂದೇ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ. 2002ರಲ್ಲಿ ವುಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನ ಹಳೆಯ ಹಾರ್ಮೋನ್ ಮಾತ್ರೆಗಳ ಅಪಾಯ ಹೇಳಿದ ಮೇಲೆ ಹೆದರಿದ ಹೆಂಗಸರು 'ನ್ಯಾಚುರಲ್' ಅನ್ನುವ ಮಾತಿನ ಕಡೆ ವಾಲಿದರು. ಅದು ಸಹಜವೇ.

ಇನ್ನು ಟೆಸ್ಟ್. ಮೆನೋಪಾಸ್ ಆದವರ ರಕ್ತದಲ್ಲೇ ಎಸ್ಟ್ರಾಡಯಾಲ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 20 ಪಿಕೊಗ್ರಾಂಗಿಂತ ಕಡಿಮೆ. ಒಂದು ಪಿಕೊಗ್ರಾಂ ಅಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಜೊಲ್ಲಿಗೆ ಬರುವುದು ಅದರಲ್ಲೂ ಒಂದು ಚೂರು. ಒಸಡಿನಿಂದ ಸ್ವಲ್ಪ ರಕ್ತ ಬಂದಿದ್ದರೂ ಸಾಕು, ಲೆಕ್ಕ ಕೆಡುತ್ತದೆ. ಮುಟ್ಟು ಏರುಪೇರಾಗುವ ವರ್ಷಗಳಲ್ಲಂತೂ ಹಾರ್ಮೋನ್ ದಿನದಿನಕ್ಕೂ ಏರಿಳಿಯುತ್ತದೆ. ಸೋಮವಾರದ ಸಂಖ್ಯೆ ಶುಕ್ರವಾರ ಇರುವುದಿಲ್ಲ. ಅಷ್ಟೂ ಸರಿಯಾಗಿ ಅಳೆದರು ಅಂತಲೇ ಇಟ್ಟುಕೊಳ್ಳಿ, ಇಂಥ ಮಟ್ಟಕ್ಕೆ ಬಂದರೆ ಬಿಸಿ ಜಳ ನಿಲ್ಲುತ್ತದೆ ಅನ್ನುವ ಗುರಿಸಂಖ್ಯೆಯೇ ಇಲ್ಲ. ಒಳ್ಳೆಯ ಡಾಕ್ಟರು ಡೋಸ್ ನಿರ್ಧರಿಸುವುದು ನಿದ್ದೆ ಹೇಗಿದೆ, ಬೆವರು ಎಷ್ಟು ಕಡಿಮೆಯಾಯಿತು ಅಂತ ಕೇಳಿ. ಕಾರ್ಟಿಸಾಲ್ ಅನ್ನುವ ಹಾರ್ಮೋನ್ ವಿಪರೀತವಾಗುವ ಕುಶಿಂಗ್ ಕಾಯಿಲೆ ಪತ್ತೆಗೆ ರಾತ್ರಿ ಹೊತ್ತು ಜೊಲ್ಲಿನಲ್ಲಿ ಅದನ್ನು ನೋಡುತ್ತಾರೆ, ಅದು ಗಟ್ಟಿಯಾದ ಟೆಸ್ಟ್. ಅದರ ಹೆಸರು ಹೇಳಿ ಇದನ್ನು ಮಾರಬಾರದು.

ನನ್ನನ್ನು ಹೆಚ್ಚು ಕಾಡುವುದು ಪ್ರೊಜೆಸ್ಟರಾನ್ ವಿಷಯ. ಎಸ್ಟ್ರೊಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಮುಂದೆ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯಲೆಂದೇ ಪ್ರೊಜೆಸ್ಟರಾನ್ ಕೊಡುವುದು. ಚರ್ಮಕ್ಕೆ ಪ್ರೊಜೆಸ್ಟರಾನ್ ಕ್ರೀಮ್ ಹಚ್ಚಿದವರ ಜೊಲ್ಲಿನಲ್ಲಿ ಅದು ವಿಪರೀತ ಜಾಸ್ತಿ ಕಾಣುತ್ತದೆ, ರಕ್ತದಲ್ಲಿ ಮಾತ್ರ ಕಡಿಮೆಯೇ ಇರುತ್ತದೆ. ಒಳಪದರಕ್ಕೆ ಬೇಕಾದ ರಕ್ಷಣೆ ಸಿಕ್ಕಿದೆ ಅಂತ ಆ ಜೊಲ್ಲಿನ ಸಂಖ್ಯೆ ನಂಬಿ ಹೇಳಲು ಆಗುವುದೇ ಇಲ್ಲ.

ನ್ಯೂಜೆರ್ಸಿಯಲ್ಲಿ ನನಗೆ ಅಕ್ಕನಂತಿರುವ ಒಬ್ಬರಿಗೆ ಹೀಗೇ ಆಯಿತು. ಬರೆಯಲು ಅವರೇ ಹೇಳಿದ್ದಾರೆ. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಒಂದು ಕ್ಲಿನಿಕ್‌ನವರು ಎಸ್ಟ್ರೊಜನ್ ಕ್ರೀಮ್, ಜೊತೆಗೆ ಪ್ರೊಜೆಸ್ಟರಾನ್ ಕ್ರೀಮ್ ಕೊಟ್ಟರು. ಬಿಸಿ ಜಳ ನಿಂತಿತು, ಇವರಿಗೆ ಖುಷಿ. ಮೂರು ತಿಂಗಳ ನಂತರದ ಜೊಲ್ಲಿನ ಟೆಸ್ಟ್‌ನಲ್ಲಿ ಪ್ರೊಜೆಸ್ಟರಾನ್ 'ತುಂಬಾ ಜಾಸ್ತಿ' ಅಂತ ಬಂತು. ಕ್ಲಿನಿಕ್‌ನವರು ಪ್ರೊಜೆಸ್ಟರಾನನ್ನೇ ಅರ್ಧಕ್ಕೆ ಇಳಿಸಿದರು! ಮೊದಲೇ ಸಾಲದಿದ್ದ ರಕ್ಷಣೆ ಇನ್ನೂ ಕಡಿಮೆಯಾಯಿತು. ಕೆಲವು ತಿಂಗಳಲ್ಲಿ ರಕ್ತ ಕಾಣಿಸಿಕೊಂಡಿತು. "ಹಾರ್ಮೋನ್ ಹೊಂದಿಕೊಳ್ಳುತ್ತಿದೆ, ಬಿಡಿ" ಅಂದರಂತೆ. ಅವರು ಬಿಡದೆ ಬೇರೆ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದರು. ಸ್ಕ್ಯಾನ್‌ನಲ್ಲಿ ಒಳಪದರ 11 ಮಿಲಿಮೀಟರ್ ಇತ್ತು. ಮೆನೋಪಾಸ್ ನಂತರ ರಕ್ತ ಕಂಡವರಲ್ಲಿ 4 ದಾಟಿದರೇ ಬಯಾಪ್ಸಿ ಬೇಕು ಅನ್ನುತ್ತಾರೆ. ಬಯಾಪ್ಸಿಯಲ್ಲಿ ಹೈಪರ್‌ಪ್ಲೇಸಿಯಾ, ಅಂದರೆ ಒಳಪದರದ ಅತಿ ಬೆಳವಣಿಗೆ ಅಂತ ಬಂತು, ಪುಣ್ಯಕ್ಕೆ ಕೆಟ್ಟ ಕೋಶಗಳು ಇರಲಿಲ್ಲ. ಗರ್ಭಕೋಶದೊಳಗೆ ಹಾರ್ಮೋನ್ ಐಯುಡಿ ಹಾಕಿದರು, ಪ್ರೊಜೆಸ್ಟರಾನ್ ಥರದ ಹಾರ್ಮೋನನ್ನು ಒಳಪದರಕ್ಕೇ ಬಿಡುವ ಪುಟ್ಟ ಸಾಧನ ಅದು. ಆರು ತಿಂಗಳ ನಂತರದ ಬಯಾಪ್ಸಿ ಸರಿಯಾಗಿತ್ತು. ಈಗ ಐಯುಡಿ ಜೊತೆಗೆ ಎಸ್ಟ್ರಾಡಯಾಲ್ ಪ್ಯಾಚ್ ಹಾಕಿಕೊಳ್ಳುತ್ತಾರೆ, ಚೆನ್ನಾಗಿದ್ದಾರೆ.

ಅಳತೆ ಗೊತ್ತಿರುವ ದಾರಿ ಇರುವಾಗ ಇಷ್ಟೆಲ್ಲ ಯಾಕೆ ಅನ್ನಿಸುತ್ತದೆ. ಸಾಮಾನ್ಯ ಡೋಸ್‌ನ ಎಸ್ಟ್ರೊಜನ್ ಜೊತೆ ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ದಿನಾ ರಾತ್ರಿ 100 ಮಿಲಿಗ್ರಾಂ, ಇಲ್ಲವೇ ತಿಂಗಳಲ್ಲಿ 12 ದಿನ 200 ಮಿಲಿಗ್ರಾಂ ಕೊಡುವುದು ರೂಢಿ. ಇದೂ ಬಯೋಐಡೆಂಟಿಕಲ್ಲೇ ಅಲ್ವಾ? ಅಮೆರಿಕದ ಒಂದು ಹೆಸರಾಂತ ಕ್ಯಾಪ್ಸೂಲಿನಲ್ಲಿ ಕಡಲೆಕಾಯಿ ಎಣ್ಣೆ ಇದೆ. ಅದು ಅಲರ್ಜಿ ಇರುವವರಿಗೆ ಬೇರೆ ತಯಾರಿ ಬೇಕಾಗಬಹುದು, ಅಂಥವರಿಗೆ ಕಾಂಪೌಂಡಿಂಗ್‌ನಿಂದ ಉಪಯೋಗ ಉಂಟು. 2020ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ವರದಿ ಹೇಳಿದ್ದೂ ಇದನ್ನೇ: ಅಲರ್ಜಿಯಂಥ ಕಾರಣಗಳಿಗಷ್ಟೇ ಅದನ್ನು ಸೀಮಿತಗೊಳಿಸಿ ಅಂತ.

45 ದಾಟಿ, ಲಕ್ಷಣ ಇದ್ದು, ವರ್ಷದಿಂದ ಮುಟ್ಟಾಗಿಲ್ಲ ಅಂದರೆ ಮೆನೋಪಾಸ್ ಗೊತ್ತುಮಾಡಲು ಸಾಮಾನ್ಯವಾಗಿ ಯಾವ ಹಾರ್ಮೋನ್ ಟೆಸ್ಟೂ ಬೇಡ. 40ರೊಳಗೇ ಮುಟ್ಟು ನಿಂತರೆ ಅಂಡಾಶಯಕ್ಕೆ ಕೆಲಸ ಮಾಡು ಅಂತ ಹೇಳುವ ಎಫ್‌ಎಸ್‌ಎಚ್ ಹಾರ್ಮೋನನ್ನು ರಕ್ತದಲ್ಲಿ ನೋಡಲೇಬೇಕು, ಅದು ಜೊಲ್ಲಿನಲ್ಲಿ ಆಗುವ ಕೆಲಸವಲ್ಲ. ಈಗಾಗಲೇ ಇಂಥ ಕ್ರೀಮ್ ಹಚ್ಚುತ್ತಿದ್ದು, ಗರ್ಭಕೋಶ ಇದ್ದರೆ, ಡಾಕ್ಟರನ್ನು ನೇರವಾಗಿ ಕೇಳಿ: "ನನ್ನ ಒಳಪದರ ಕಾಪಾಡುತ್ತಿರುವ ಔಷಧಿ ಯಾವುದು, ಎಷ್ಟು ಮಿಲಿಗ್ರಾಂ?" ಉತ್ತರವಾಗಿ ಜೊಲ್ಲಿನ ರಿಪೋರ್ಟ್ ತೋರಿಸಿದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ತೋರಿಸಿ.