ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ

ಮೊನ್ನೆ ಸಂಜೆ ಹಾಸನದ ನಮ್ಮ ಬೀದಿಯ ಟೈಲರ್ ಅಕ್ಕ ಮೊಬೈಲ್ ಹಿಡಿದು ಮನೆಗೆ ಬಂದರು. ಬೆಳಿಗ್ಗೆ ಖಾತೆಯಿಂದ 1,200 ರೂಪಾಯಿ ಹೋಗಿದೆ. ಮಗಳಿಗೆ ಇಂಗ್ಲಿಷ್ ಕಲಿಸೋಕೆ ಅಂತ ಏಳು ದಿನದ ಉಚಿತ ಆ್ಯಪ್ ಹಾಕಿದ್ದರಂತೆ. "ಇಷ್ಟ ಆಗ್ಲಿಲ್ಲ ಅಂತ ಮೂರನೇ ದಿನಾನೇ ತೆಗೆದು ಹಾಕಿದ್ನಲ್ಲಪ್ಪ, ಆಮೇಲೂ ದುಡ್ಡು ಹೆಂಗೆ ಹೋಯ್ತು?"

ಆ್ಯಪ್ ಇದ್ದದ್ದು ಅವರ ಫೋನಿನಲ್ಲಿ. ಚಂದಾ ಇರುವುದು ಅವರ ಗೂಗಲ್ ಖಾತೆಯಲ್ಲಿ. ಉಚಿತ ಅವಧಿ ಶುರುವಾಗುವಾಗ ಒತ್ತಿದ ಯುಪಿಐ ಪಿನ್ನಿನಿಂದ ಆಟೋಪೇ ಒಪ್ಪಿಗೆ ಹೋಗಿರುತ್ತದೆ. ಫೋನಿನಿಂದ ಆ್ಯಪ್ ಅಳಿಸಿದರೆ ಉಳಿದೆರಡೂ ಹಾಗೇ ಇರುತ್ತವೆ. ನಿಲ್ಲಿಸಬೇಕಾದರೆ ಪ್ಲೇ ಸ್ಟೋರಿನಲ್ಲಿ ನಮ್ಮ ಫೋಟೋ ಒತ್ತಿ, Payments & subscriptions ಒಳಗೆ Subscriptions ತೆರೆದು ರದ್ದು ಮಾಡಬೇಕು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹಣ ಕಡಿಯುವ 24 ಗಂಟೆ ಮೊದಲು ಸೂಚನೆ ಬರಲೇಬೇಕು. ಅಕ್ಕನಿಗೂ ಬಂದಿತ್ತು, ಸಾಲದ ಜಾಹೀರಾತುಗಳ ನಡುವೆ, ಇಂಗ್ಲಿಷಿನಲ್ಲಿ.

ಕಡಿತವಾಗಿ 48 ಗಂಟೆ ಕಳೆದಿರಲಿಲ್ಲ. ಆ ಅವಧಿಯೊಳಗೆ ಮರುಪಾವತಿ ಕೇಳಿದರೆ ಗೂಗಲ್ಲೇ ಪರಿಶೀಲಿಸುತ್ತದೆ, ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಅಕ್ಕನ ಕೈಲೇ ಅರ್ಜಿ ಹಾಕಿಸಿದೆ, ಹಣ ವಾಪಸ್ ಬಂತು. ಮರೆಯದೆ ಚಂದಾವನ್ನೂ ರದ್ದು ಮಾಡಿಸಿದೆ. ಬರೀ ರದ್ದು ಮಾಡಿದ್ದರೆ ಮುಂದಿನ ವರ್ಷದ ಕಡಿತ ನಿಲ್ಲುತ್ತಿತ್ತೇ ಹೊರತು ಹೋದ ಹಣ ಬರುತ್ತಿರಲಿಲ್ಲ.

ಚಿಕ್ಕಮಗಳೂರಿನಲ್ಲಿರುವ ನನ್ನ ಅಕ್ಕನ ಮಗನದೂ ಹೀಗೇ ಹಣ ಹೋಗಿತ್ತು, ಅವನಿಗೆ ಗೊತ್ತಾಗಿದ್ದು ಹನ್ನೆರಡು ದಿನದ ಮೇಲೆ. 48 ಗಂಟೆ ದಾಟಿದರೆ ಆ್ಯಪ್ ಮಾಡಿದವರನ್ನೇ ಕೇಳಿ ಅನ್ನುವುದು ಪ್ಲೇ ಸ್ಟೋರಿನ ಸಾಮಾನ್ಯ ದಾರಿ. ಆ್ಯಪಲ್‌ನಲ್ಲಿ ಹೀಗಲ್ಲ, reportaproblem.apple.com ನಲ್ಲಿ ಕೇಳಬೇಕು, ತೀರ್ಮಾನ ಆ್ಯಪಲ್‌ನದೇ.

ನನಗೆ ಸಿಟ್ಟು ಬರುವುದು ಇಲ್ಲೇ. ತೆರಿಗೆ ಲೆಕ್ಕ ಬದಿಗಿಟ್ಟರೆ, ಶೇ 15ರ ದರದಲ್ಲಿ 1,200ರಲ್ಲಿ 180 ರೂಪಾಯಿ ಪ್ಲೇ ಸ್ಟೋರ್ ಎಂಬ ಅಂಗಡಿಯ ಕಮಿಷನ್. ಚಂದಾಗಳ ಮೊದಲ ವರ್ಷಕ್ಕೆ ಶೇ 30 ಇದ್ದುದನ್ನು ಗೂಗಲ್ 2022ರ ಜನವರಿಯಲ್ಲಿ ಹೀಗೆ ಇಳಿಸಿತು. ಆ್ಯಪ್ ತಪಾಸಣೆ, ಅಪ್‌ಡೇಟ್ ತಲುಪಿಸುವುದು, ಹಣ ವಸೂಲಿ, ಕೋಟ್ಯಂತರ ಗ್ರಾಹಕರು ಸಿಗುವ ಜಾಗ, ಇವೆಲ್ಲಕ್ಕೆ ಬೆಲೆ ಎನ್ನುವುದು ಅವರ ವಾದ. ಆದರೆ ಭಾರತದಲ್ಲಿ ಆ್ಯಪ್‌ನವರು ತಮ್ಮದೇ ಪಾವತಿ ವ್ಯವಸ್ಥೆಯನ್ನೂ ಇಟ್ಟು, ಗ್ರಾಹಕ ಅದರಲ್ಲಿ ಕಟ್ಟಿದರೆ, ಗೂಗಲ್ ತನ್ನ ಕಮಿಷನ್ನಿನಲ್ಲಿ ಬಿಟ್ಟುಕೊಡುವುದು ನೂರಕ್ಕೆ ನಾಲ್ಕು ರೂಪಾಯಿ ಮಾತ್ರ. ಅಂದರೆ ಕಮಿಷನ್ನಿನ ಬಹುಪಾಲು ಹಣ ವಸೂಲಿ ಕೆಲಸಕ್ಕಲ್ಲ, ಈ ಅಂಗಡಿಯಲ್ಲಿ ಕೊಂಡರೆ ಮೋಸವಿಲ್ಲ ಎಂಬ ನಮ್ಮ ನಂಬಿಕೆಗೆ. ಆ ನಂಬಿಕೆಯ ಬೆಲೆ ಪಡೆಯುವವರು ಮೂರನೇ ದಿನ ನಮ್ಮನ್ನು ಬೇರೆಯವರ ಬಾಗಿಲಿಗೆ ಕಳಿಸಬಾರದು. ಉಚಿತ ಅವಧಿ ಮುಗಿದು ಮೊದಲ ಸಲ ಹಣ ಹೋದಾಗಲಾದರೂ, ಆ್ಯಪ್ ತೆರೆದೇ ಇಲ್ಲದಿದ್ದರೆ, ಒಂದು ತಿಂಗಳವರೆಗೆ ಅವರೇ ವಾಪಸ್ ಕೊಡಲಿ.

ಹುಡುಗ ಆ ಕಂಪನಿಗೆ ಮೂರು ಮೇಲ್ ಹಾಕಿದ್ದಾನೆ, ಉತ್ತರ ಬಂದಿಲ್ಲ.